ಅಂಗಡಿಯವರಿಗೆ ಬರೆಯುವ ಪ್ರಾಯೋಜಕತ್ವ ಪತ್ರ: ಒಂದು ಕ್ರಿಕೆಟ್ ಟೂರ್ನಮೆಂಟಿನ ಲೆಕ್ಕದೊಂದಿಗೆ



ಡಿಸೆಂಬರ್ ಹೊತ್ತಿಗೆ ಗದ್ದೆಯ ಕೊಯ್ಲು ಮುಗಿದು, ನೆಲ ಒಣಗಿ, ನಮ್ಮ ಊರುಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟುಗಳು ಶುರುವಾಗುತ್ತವೆ. ಆ ದಿನಗಳಲ್ಲಿ ನಿಮ್ಮಲ್ಲಿ ಕೆಲವರು ಕನ್ನಡ ತರಗತಿ ಮುಗಿದ ಮೇಲೆ ನನ್ನ ಬಳಿ ಬಂದು, "ಸರ್, ಅಂಗಡಿಗಳಿಗೆ ಕೊಡಲು ಒಂದು ಲೆಟರ್ ಬರೆದಿದ್ದೇವೆ, ತಪ್ಪಿದ್ದರೆ ತಿದ್ದಿಕೊಡಿ" ಎಂದು ಕೇಳುತ್ತೀರಿ. ಕಾಗುಣಿತ, ಒತ್ತಕ್ಷರ ತಿದ್ದುವುದು ಸುಲಭದ ಕೆಲಸ. ಆದರೆ ಪತ್ರ ಕೆಲಸ ಮಾಡದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಕಾಗುಣಿತ ಅಲ್ಲ. ನನ್ನ ಅಣ್ಣನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಸಂಜೆ ನಾನು ಅಲ್ಲಿ ಕೂರುವುದುಂಟು. ಹೀಗಾಗಿ ಇಂಥ ಪತ್ರಗಳನ್ನು ಬರೆಯುವವರ ಪಕ್ಕದಲ್ಲಿಯೂ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಓದುವವರ ಪಕ್ಕದಲ್ಲಿಯೂ ಇದ್ದು ನೋಡಿದ್ದೇನೆ. ಈ ಸಂಚಿಕೆಯ ಪಾಠ ಅದರ ಬಗ್ಗೆ.

ಸಾಮಾನ್ಯವಾಗಿ ಬರುವ ಪತ್ರ ಹೀಗಿರುತ್ತದೆ: "ನಮ್ಮ ಊರಿನಲ್ಲಿ ಅದ್ಧೂರಿ ಕ್ರಿಕೆಟ್ ಪಂದ್ಯಾಟ ಹಮ್ಮಿಕೊಂಡಿದ್ದೇವೆ. ಕ್ರೀಡಾಭಿಮಾನಿಗಳಾದ ತಾವು ಉದಾರ ಮನಸ್ಸಿನಿಂದ ಧನಸಹಾಯ ನೀಡಿ ಸಹಕರಿಸಬೇಕಾಗಿ ವಿನಂತಿ." ಭಾಷೆಯಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ಅಂಗಡಿಯವರ ಮನಸ್ಸಿನಲ್ಲಿ ನಾಲ್ಕು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಎಷ್ಟು ಕೊಡಬೇಕು? ಅದು ಯಾವುದಕ್ಕೆ ಹೋಗುತ್ತದೆ? ನನ್ನ ಅಂಗಡಿಗೆ ಅದರಿಂದ ಏನು? ಆಮೇಲೆ ಲೆಕ್ಕ ಯಾರು ಕೊಡುತ್ತಾರೆ? ಉತ್ತರವಿಲ್ಲದಾಗ ಅವರು ಒಂದು ಸುಲಭದ ದಾರಿ ಹಿಡಿಯುತ್ತಾರೆ. ಹಿಂದಿನ ವಾರ ಬಂದ ಬೇರೆ ಊರಿನ ಹುಡುಗರಿಗೆ ಕೊಟ್ಟ ಇನ್ನೂರು ರೂಪಾಯಿಯನ್ನೇ ನಿಮಗೂ ಕೊಟ್ಟು ಕಳುಹಿಸುತ್ತಾರೆ. ಅದು ಪ್ರಾಯೋಜಕತ್ವ ಅಲ್ಲ, ನಿಮ್ಮನ್ನು ಬಾಗಿಲಿನಿಂದ ಕಳುಹಿಸಲು ಕೊಟ್ಟ ಹಣ.

ದೇಣಿಗೆಗೂ ಪ್ರಾಯೋಜಕತ್ವಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ದೇಣಿಗೆ ಕೊಟ್ಟವರು ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಪ್ರಾಯೋಜಕರು ಇಂತಿಷ್ಟು ಹಣ ಕೊಟ್ಟು ಇಂಥ ಪ್ರಚಾರ ಪಡೆಯುತ್ತಾರೆ. ಹಾಗಾಗಿ ಪ್ರಾಯೋಜಕತ್ವದ ಪತ್ರ ಒಂದು ಸಣ್ಣ ಒಪ್ಪಂದ ಇದ್ದಂತೆ. ಅದರಲ್ಲಿ ವಿನಯ ಇರಬೇಕು, ಆದರೆ ಬೇಡಿಕೆ ಮತ್ತು ಭರವಸೆ ಎರಡೂ ಎಣಿಸಿ ನೋಡುವಂತಿರಬೇಕು.

ಪತ್ರಕ್ಕೆ ಮೊದಲು ಲೆಕ್ಕ

ಎಷ್ಟು ಬೇಕೆಂದು ನಮಗೇ ಗೊತ್ತಿಲ್ಲದಿದ್ದರೆ ಪತ್ರದಲ್ಲಿ ಬರೆಯುವುದು ಹೇಗೆ? ಆದ್ದರಿಂದ ಒಂದು ಟೂರ್ನಮೆಂಟನ್ನು ಎತ್ತಿಕೊಂಡು ಲೆಕ್ಕ ಹಾಕೋಣ. ದರಗಳು ಊರಿಂದ ಊರಿಗೆ ಬದಲಾಗುತ್ತವೆ. ಇಲ್ಲಿ ನಾನು ಬಳಸಿರುವುದು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ದುಂಡು ಸಂಖ್ಯೆಗಳು.

16 ತಂಡಗಳು, ಸೋತ ತಂಡ ಹೊರಗೆ ಹೋಗುವ ನಾಕೌಟ್ ಪದ್ಧತಿ. ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಗೆ ಹೋಗುತ್ತದೆ, ಕೊನೆಗೆ ಒಂದು ಉಳಿಯುತ್ತದೆ. ಅಂದರೆ ಒಟ್ಟು 15 ಪಂದ್ಯಗಳು. ಇನಿಂಗ್ಸಿಗೆ 6 ಓವರ್ ಇಟ್ಟರೆ ಒಂದು ಪಂದ್ಯಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಮೊದಲ ಭಾನುವಾರ 8 ಪಂದ್ಯ, ಎರಡನೆಯ ಭಾನುವಾರ 7 ಪಂದ್ಯ. ಬೆಳಿಗ್ಗೆ 8ಕ್ಕೆ ಶುರು ಮಾಡಿ ಝುಹರ್ ನಮಾಝಿಗೆ ಮತ್ತು ಊಟಕ್ಕೆ ಒಂದು ಗಂಟೆ ಬಿಟ್ಟರೂ ಸಂಜೆ 5ರ ಹೊತ್ತಿಗೆ ಮುಗಿಯುತ್ತದೆ.

ಪ್ರತಿ ಇನಿಂಗ್ಸಿಗೆ ಹೊಸ ಬಾಲ್ ಕೊಟ್ಟರೆ 30 ಬಾಲ್, ತೋಟಕ್ಕೋ ತೋಡಿಗೋ ಹೋಗಿ ಕಳೆದುಹೋಗುವುದಕ್ಕೆ ಇನ್ನು 6. ಬಾಲಿಗೆ 100 ರೂಪಾಯಿಯಂತೆ 3,600. ಅಂಪೈರುಗಳ ಸಂಭಾವನೆ, ಮೈಕ್, ಶಾಮಿಯಾನ ಮತ್ತು ಕುರ್ಚಿ, ಅಂಗಳ ಸಮ ಮಾಡಿ ಸುಣ್ಣ ಹಾಕುವುದು, ಕುಡಿಯುವ ನೀರು ಮತ್ತು ಊಟ, ಬ್ಯಾನರ್, ಪ್ರಥಮ ಚಿಕಿತ್ಸೆ ಎಲ್ಲ ಸೇರಿಸಿ ಬಾಲುಗಳೊಂದಿಗೆ 28,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದನ್ನು ಮೈದಾನದ ಖರ್ಚು ಎಂದು ಕರೆಯೋಣ. ಮೊದಲ ಬಹುಮಾನ 12,000, ಎರಡನೆಯದು 8,000, ಟ್ರೋಫಿಗಳಿಗೆ 6,000, ಒಟ್ಟು 26,000. ಇದು ಬಹುಮಾನದ ಖರ್ಚು. ಎರಡೂ ಸೇರಿ 54,000.

ತಂಡಗಳ ಪ್ರವೇಶ ಶುಲ್ಕ ತಲಾ 1,000 ಎಂದರೆ 16,000 ಬರುತ್ತದೆ. ಉಳಿದ 38,000 ಅಂಗಡಿಗಳಿಂದ ಬರಬೇಕು.

ಎರಡು ಖರ್ಚುಗಳನ್ನು ಬೇರೆ ಬೇರೆ ಬರೆದುದಕ್ಕೆ ಒಂದು ಕಾರಣವಿದೆ. ಆಡುವ ತಂಡಗಳೇ ಹಣ ಹಾಕಿ, ಗೆದ್ದವರು ಆ ಹಣವನ್ನು ಒಯ್ಯುವ, ಸೋತವರು ಹಾಕಿದ್ದನ್ನು ಕಳೆದುಕೊಳ್ಳುವ ಏರ್ಪಾಡು ಜೂಜಿನ ರೂಪ ಪಡೆಯುತ್ತದೆ ಎಂದು ಇಸ್ಲಾಮೀ ಕರ್ಮಶಾಸ್ತ್ರದ ಅನೇಕ ವಿದ್ವಾಂಸರು ಹೇಳುತ್ತಾರೆ. ಬಹುಮಾನವನ್ನು ಆಟದಲ್ಲಿ ಇಲ್ಲದ ಮೂರನೆಯವರು ಕೊಟ್ಟರೆ ಆ ಆಕ್ಷೇಪ ಉಳಿಯುವುದಿಲ್ಲ. ಹಾಗಾಗಿ ಪ್ರವೇಶ ಶುಲ್ಕದ 16,000 ಪೂರ್ತಿಯಾಗಿ ಮೈದಾನದ ಖರ್ಚಿಗೆ ಹೋಗಬೇಕು, ಬಹುಮಾನದ 26,000 ಪೂರ್ತಿಯಾಗಿ ಪ್ರಾಯೋಜಕರಿಂದ ಬರಬೇಕು. ನಿಮ್ಮ ಊರಿನ ಟೂರ್ನಮೆಂಟಿನ ವಿಷಯದಲ್ಲಿ ಸಂದೇಹವಿದ್ದರೆ ಮಸೀದಿಯ ಉಸ್ತಾದರನ್ನು ಮೊದಲೇ ಕೇಳಿಕೊಳ್ಳಿ. ಪತ್ರದಲ್ಲಿ "ಬಹುಮಾನದ ಹಣವನ್ನು ಪ್ರವೇಶ ಶುಲ್ಕದಿಂದ ತೆಗೆಯುವುದಿಲ್ಲ" ಎಂಬ ಒಂದು ಸಾಲು ಇದ್ದರೆ, ಇದನ್ನು ಗಮನಿಸುವ ಹಿರಿಯ ವ್ಯಾಪಾರಿಗಳಿಗೆ ನೀವು ಯೋಚಿಸಿ ಬಂದಿದ್ದೀರಿ ಎಂದು ತಿಳಿಯುತ್ತದೆ. ಬೇರೆ ಸಮುದಾಯದ ಅಂಗಡಿಯವರಿಗೂ ಆ ಸಾಲು ಉಪಯೋಗದ್ದೇ. ತಾವು ಕೊಟ್ಟ ಹಣ ಎಲ್ಲಿ ಸೇರುತ್ತದೆ ಎಂಬುದು ಅವರಿಗೂ ಸ್ಪಷ್ಟವಾಗುತ್ತದೆ.

ಮೊತ್ತವನ್ನು ಪಾಲುಗಳಾಗಿ ಒಡೆಯುವುದು

38,000 ಬೇಕು ಎಂದು ಯಾವ ಅಂಗಡಿಗೂ ಬರೆಯಬಾರದು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ತನ್ನ ಪಾಲು ಎಷ್ಟೆಂದು ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಮೊತ್ತವನ್ನು ಹೆಸರಿರುವ ಪಾಲುಗಳಾಗಿ ಒಡೆಯಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಬಹುಮಾನ 12,000, ಎರಡನೆಯ ಬಹುಮಾನ 8,000, ಟ್ರೋಫಿಗಳು 6,000, ಮೈಕ್ 5,000, ಬಾಲುಗಳು 3,600. ಈ ಐದು ಪಾಲುಗಳಿಂದ 34,600 ಆಗುತ್ತದೆ. ಉಳಿದದ್ದಕ್ಕೆ ಬೌಂಡರಿ ಗೆರೆಯ ಬಳಿ ಹಾಕುವ ಸಣ್ಣ ಫಲಕಗಳು, ತಲಾ 500ರಂತೆ ಏಳು, ಅಂದರೆ 3,500. ಒಟ್ಟು 38,100. ಬೇಕಾದುದಕ್ಕಿಂತ ನೂರು ರೂಪಾಯಿ ಹೆಚ್ಚು.

ಇಷ್ಟಾದ ಮೇಲೆ ಯಾವ ಪಾಲು ಯಾವ ಅಂಗಡಿಗೆ ಒಪ್ಪುತ್ತದೆ ಎಂದು ಒಂದು ಪಟ್ಟಿ ಮಾಡಿ. ಎಲೆಕ್ಟ್ರಿಕಲ್ ಅಂಗಡಿಗೆ ಮೈಕಿನ ಪಾಲು ಸಹಜ. ಹೊಸದಾಗಿ ತೆರೆದ ಸೂಪರ್ ಮಾರ್ಕೆಟಿಗೆ ಟ್ರೋಫಿ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಟ್ರೋಫಿಯ ಫೋಟೊ ಎಲ್ಲರ ಮೊಬೈಲಿನಲ್ಲಿ ಉಳಿಯುತ್ತದೆ. ಚಹಾ ಅಂಗಡಿಯ ಕಾಕನ ಬಳಿಗೆ 5,000ದ ಪತ್ರ ಒಯ್ದರೆ ಅವರಿಗೆ ಮುಜುಗರ. 500ರ ಫಲಕ ಅವರ ಅಳತೆಗೆ ಸರಿ. ಮೆಡಿಕಲ್ ಶಾಪಿನವರಿಂದ ಹಣದ ಬದಲು ಬ್ಯಾಂಡೇಜ್, ಹತ್ತಿ, ನೋವಿನ ಸ್ಪ್ರೇ ಇರುವ ಪೆಟ್ಟಿಗೆ ಕೇಳಬಹುದು. ಬೇಕರಿಯವರಿಂದ ಅಂಪೈರುಗಳಿಗೂ ಸ್ವಯಂಸೇವಕರಿಗೂ ಸಂಜೆಯ ತಿಂಡಿ ಕೇಳಬಹುದು. ವಸ್ತುವಾಗಿ ಕೊಟ್ಟದ್ದನ್ನೂ ಬೆಲೆ ಹಾಕಿ ಲೆಕ್ಕದಲ್ಲಿ ಬರೆಯಬೇಕು. ಇಲ್ಲದಿದ್ದರೆ ಕೊನೆಗೆ ಖರ್ಚು ಕಡಿಮೆಯಾಗಿ, ಹಣ ಉಳಿದಂತೆ ಕಂಡು, ಯಾರಿಗೋ ಸಂಶಯ ಬರುತ್ತದೆ.

ಕೇಳಬಾರದ ಅಂಗಡಿಗಳೂ ಇವೆ. ತಂಬಾಕು ಉತ್ಪನ್ನಗಳ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ 2003ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ಬೀಡಿ, ಗುಟ್ಕಾ ಕಂಪನಿಯ ಹೆಸರು ನಿಮ್ಮ ಬ್ಯಾನರಿನಲ್ಲಿ ಬರುವಂತಿಲ್ಲ, ಎಷ್ಟೇ ಹಣ ಕೊಟ್ಟರೂ.

ಮಾದರಿ ಪತ್ರ

ಈಗ ಮೈಕಿನ ಪಾಲಿಗಾಗಿ ಎಲೆಕ್ಟ್ರಿಕಲ್ ಅಂಗಡಿಯೊಂದಕ್ಕೆ ಪತ್ರ ಬರೆಯೋಣ. ಹೆಸರುಗಳ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಇಂದ:
ಕ್ರಿಕೆಟ್ ಟೂರ್ನಮೆಂಟ್ ಸಮಿತಿ,
(ಊರು, ಅಂಚೆ, ತಾಲೂಕು)
ದಿನಾಂಕ: ಡಿಸೆಂಬರ್ 10

ಗೆ:
ಶ್ರೀ ............, ಮಾಲೀಕರು,
............ ಎಲೆಕ್ಟ್ರಿಕಲ್ಸ್, ಮುಖ್ಯರಸ್ತೆ, ............

ಮಾನ್ಯರೆ,

ವಿಷಯ: ಜನವರಿ 11 ಮತ್ತು 18ರ ಕ್ರಿಕೆಟ್ ಟೂರ್ನಮೆಂಟಿಗೆ ಮೈಕ್ ವ್ಯವಸ್ಥೆಯ ಪ್ರಾಯೋಜಕತ್ವ (5,000 ರೂಪಾಯಿ) ಕೋರಿ.

ನಮ್ಮ ಊರಿನ ಶಾಲೆಯ ಹಿಂದಿನ ಗದ್ದೆಯಲ್ಲಿ ಜನವರಿ 11 ಮತ್ತು 18ರ ಭಾನುವಾರಗಳಂದು 16 ತಂಡಗಳ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಸುತ್ತಿದ್ದೇವೆ. ಎರಡು ದಿನಗಳಲ್ಲಿ 15 ಪಂದ್ಯಗಳು ನಡೆಯಲಿವೆ. ತಂಡಗಳು ತಮ್ಮ ಅಂಗಡಿಗೆ ಬಂದುಹೋಗುವ ಸುತ್ತಲಿನ ಒಂಬತ್ತು ಊರುಗಳಿಂದ ಬರುತ್ತವೆ. ತಂಡಕ್ಕೆ 14 ಮಂದಿಯಂತೆ ಆಟಗಾರರೇ 224 ಮಂದಿ ಇರುತ್ತಾರೆ.

ಎರಡು ದಿನಗಳ ಮೈಕ್ ಬಾಡಿಗೆ 5,000 ರೂಪಾಯಿ. ಇದನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ. ಪ್ರತಿಯಾಗಿ,

ಪ್ರತಿ ಪಂದ್ಯದ ಆರಂಭದಲ್ಲಿ ಮತ್ತು ಎರಡು ಇನಿಂಗ್ಸುಗಳ ನಡುವೆ, ಒಟ್ಟು 30 ಸಲ, ತಮ್ಮ ಅಂಗಡಿಯ ಹೆಸರು ಮತ್ತು ವಿಳಾಸವನ್ನು ಮೈಕಿನಲ್ಲಿ ಹೇಳುತ್ತೇವೆ. ಸ್ಕೋರ್ ಟೇಬಲಿನ ಮುಂದೆ 6 ಅಡಿ ಉದ್ದ, 3 ಅಡಿ ಅಗಲದ ಬಟ್ಟೆಯ ಬ್ಯಾನರ್ ಎರಡೂ ದಿನ ಇರುತ್ತದೆ. ಎಲೆಕ್ಟ್ರಿಕಲ್ ವ್ಯಾಪಾರದ ಬೇರೆ ಅಂಗಡಿಯಿಂದ ಈ ಟೂರ್ನಮೆಂಟಿಗೆ ಪ್ರಾಯೋಜಕತ್ವ ಪಡೆಯುವುದಿಲ್ಲ.

ಗದ್ದೆಯ ಮಾಲೀಕರು ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ಮೈಕ್ ಬಳಸಲು ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟಿದ್ದೇವೆ. ತಂಡಗಳ ಪ್ರವೇಶ ಶುಲ್ಕವನ್ನು ಮೈದಾನದ ಖರ್ಚಿಗೆ ಮಾತ್ರ ಬಳಸುತ್ತೇವೆ; ಬಹುಮಾನದ ಹಣವನ್ನು ಅದರಿಂದ ತೆಗೆಯುವುದಿಲ್ಲ. ಯಾವುದೇ ಕಾರಣದಿಂದ ಒಂದು ದಿನದ ಆಟ ನಿಂತರೆ ಅದನ್ನು ಜನವರಿ 25ರಂದು ನಡೆಸುತ್ತೇವೆ. ಟೂರ್ನಮೆಂಟೇ ರದ್ದಾದರೆ ತಮ್ಮ ಹಣವನ್ನು ಹಿಂತಿರುಗಿಸುತ್ತೇವೆ. ಪೂರ್ತಿ ಜಮಾಖರ್ಚನ್ನು ಫೆಬ್ರವರಿ 1ರೊಳಗೆ ತಮಗೆ ತಲುಪಿಸುತ್ತೇವೆ.

ತಮ್ಮ ತೀರ್ಮಾನ ಕೇಳಲು ಡಿಸೆಂಬರ್ 17ರ ಸಂಜೆ ನಮ್ಮ ಸಮಿತಿಯ ಇಬ್ಬರು ಬರುತ್ತಾರೆ. ಹಣವನ್ನು ಖಜಾಂಚಿಯವರಿಗೆ ಮಾತ್ರ ಕೊಟ್ಟು, ಕ್ರಮಸಂಖ್ಯೆ ಇರುವ ರಶೀದಿ ಪಡೆಯಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು (ಸಹಿ)    ಖಜಾಂಚಿ (ಸಹಿ, ಮೊಬೈಲ್ ಸಂಖ್ಯೆ)

ಪತ್ರದ ಸಾಲುಗಳನ್ನು ನೋಡೋಣ

ವಿಷಯದ ಸಾಲಿನಲ್ಲಿಯೇ ಮೊತ್ತ ಇದೆ. ಹಣದ ಮಾತನ್ನು ಮೊದಲೇ ಎತ್ತಿದರೆ ಮರ್ಯಾದೆಯಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಅಂಗಡಿಯಲ್ಲಿ ನಾನು ಕಂಡದ್ದು ಬೇರೆ. ಗಿರಾಕಿ ಕಾಯುತ್ತಿರುವಾಗ ಪತ್ರ ಕೈಗೆ ಬರುತ್ತದೆ. ಮಾಲೀಕರು ಮೇಲಿನ ನಾಲ್ಕು ಸಾಲು ನೋಡಿ ಮಡಚಿಡುತ್ತಾರೆ. ಆ ನಾಲ್ಕು ಸಾಲುಗಳಲ್ಲಿ ಎಷ್ಟು, ಯಾವುದಕ್ಕೆ ಎಂಬುದು ಇಲ್ಲದಿದ್ದರೆ ಪತ್ರ ಮತ್ತೆ ತೆರೆದುಕೊಳ್ಳುವುದು ಅಪರೂಪ. "ಕ್ರೀಡೆಯು ಮಾನವನ ದೈಹಿಕ ಮತ್ತು ಮಾನಸಿಕ ಬೆಳವಣಿಗೆಗೆ" ಎಂದು ಶುರುವಾಗುವ ಪ್ಯಾರಾ ಪ್ರಬಂಧಕ್ಕೆ ಸರಿ, ಇಲ್ಲಿ ಬೇಡ.

ಎರಡನೆಯದು, ಜನರ ಸಂಖ್ಯೆ. "ಸಾವಿರಾರು ಪ್ರೇಕ್ಷಕರು ಸೇರಲಿದ್ದಾರೆ" ಎಂದು ಬರೆಯುವುದು ರೂಢಿ. ಅದನ್ನು ಯಾರೂ ನಂಬುವುದಿಲ್ಲ. ನಂಬಿ ಬಂದು ನೋಡಿದವರು ಮುಂದಿನ ವರ್ಷ ನಂಬುವುದಿಲ್ಲ. 16 ತಂಡ, ತಲಾ 14 ಮಂದಿ, 224 ಎಂಬುದು ಯಾರಾದರೂ ಗುಣಿಸಿ ನೋಡಬಹುದಾದ ಸಂಖ್ಯೆ. ಅದಕ್ಕಿಂತಲೂ ಮುಖ್ಯ, ಅವರು ಎಲ್ಲಿಂದ ಬರುತ್ತಾರೆ ಎಂಬುದು. ಐವತ್ತು ಕಿಲೋಮೀಟರ್ ದೂರದಿಂದ ಬಂದ ತಂಡ ಎಲೆಕ್ಟ್ರಿಕಲ್ ಅಂಗಡಿಯ ಗಿರಾಕಿ ಆಗುವುದಿಲ್ಲ. ಅಕ್ಕಪಕ್ಕದ ಒಂಬತ್ತು ಊರಿನ ಹುಡುಗರು ನಾಳೆ ಬಲ್ಬಿಗೂ ವಯರಿಗೂ ಅದೇ ಪೇಟೆಗೆ ಬರುವವರು. ಪತ್ರ ಕಳುಹಿಸುವ ಮೊದಲು ತಂಡಗಳ ಪಟ್ಟಿ ಖಚಿತವಾಗಿದ್ದರೆ ಊರುಗಳ ಹೆಸರನ್ನೇ ಬರೆದುಬಿಡಿ.

ಮೂರನೆಯದು, ಭರವಸೆ. "ಸೂಕ್ತ ಪ್ರಚಾರ ನೀಡಲಾಗುವುದು" ಎಂದರೆ ಏನೂ ಹೇಳಿದಂತಾಗಲಿಲ್ಲ. 15 ಪಂದ್ಯ, ಪಂದ್ಯಕ್ಕೆ ಎರಡು ಸಲ, ಒಟ್ಟು 30 ಸಲ ಎಂದು ಬರೆದಾಗ ನೀವು ಅದನ್ನು ಪಾಲಿಸಲೇಬೇಕಾಗುತ್ತದೆ. ಆದ್ದರಿಂದ ವೀಕ್ಷಕ ವಿವರಣೆ ಕೊಡುವ ಹುಡುಗನ ಕೈಗೆ ಒಂದು ಹಾಳೆ ಕೊಡಿ. ಅದರಲ್ಲಿ 15 ಪಂದ್ಯಗಳ ಎದುರು ಎರಡೆರಡು ಚೌಕ ಇರಲಿ. ಹೇಳಿದಾಗಲೆಲ್ಲ ಗುರುತು ಹಾಕಲಿ. ಅಂಗಡಿಯವರು ಮಧ್ಯಾಹ್ನ ಬಂದು "ನನ್ನ ಹೆಸರು ಕೇಳಿಸಲೇ ಇಲ್ಲವಲ್ಲ" ಎಂದರೆ ಹಾಳೆ ಉತ್ತರಿಸುತ್ತದೆ. ಒಂದು ವ್ಯಾಪಾರಕ್ಕೆ ಒಂದೇ ಅಂಗಡಿ ಎಂಬ ಮಾತೂ ಹಾಗೆಯೇ. ಪೇಟೆಯ ಎರಡು ಎಲೆಕ್ಟ್ರಿಕಲ್ ಅಂಗಡಿಗಳಿಂದ ಗುಟ್ಟಾಗಿ ಹಣ ಪಡೆದರೆ ಎರಡೂ ಬ್ಯಾನರು ಒಂದೇ ಗದ್ದೆಯಲ್ಲಿ ಎದುರೆದುರು ನಿಲ್ಲುತ್ತವೆ. ಮುಂದಿನ ವರ್ಷ ಎರಡೂ ಬಾಗಿಲು ಮುಚ್ಚುತ್ತವೆ.

ಬ್ಯಾನರ್ ಬಟ್ಟೆಯದೇ ಆಗಿರಬೇಕು, ಏಕೆಂದರೆ ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಗೆ ಖರ್ಚು ಸ್ವಲ್ಪ ಹೆಚ್ಚು. ಅದನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿ. ಅಂಗಡಿಯ ಹೆಸರನ್ನು ಬರೆದುಕೊಳ್ಳುವಾಗ ಅವರ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಬೋರ್ಡಿನಲ್ಲಿ ಇರುವ ಕಾಗುಣಿತವೇ ಬ್ಯಾನರಿನಲ್ಲಿ ಬರಬೇಕು, ನಿಮಗೆ ವ್ಯಾಕರಣದ ಪ್ರಕಾರ ಬೇರೆ ಸರಿ ಎನಿಸಿದರೂ. ಈ ಒಂದು ಕಡೆ ಕನ್ನಡ ಉಪನ್ಯಾಸಕನಾದ ನಾನೂ ತಿದ್ದುವುದಿಲ್ಲ.

ನಾಲ್ಕನೆಯದು, ಆಟ ನಿಂತರೆ ಏನು ಎಂಬ ಸಾಲು. ಜನವರಿಯಲ್ಲಿ ನಮ್ಮಲ್ಲಿ ಮಳೆಯ ಭಯ ಕಡಿಮೆ. ಆದರೆ ಊರಿನಲ್ಲಿ ಒಂದು ಮರಣವಾದರೆ ಆ ದಿನ ಮೈಕ್ ಹಾಕುವುದಿಲ್ಲ, ಆಟ ನಡೆಸುವುದಿಲ್ಲ. ಇದು ಎಲ್ಲ ಊರಿನ ಮರ್ಯಾದೆ. ಹಾಗಾದಾಗ ಪ್ರಾಯೋಜಕರ ಹಣ ಏನಾಗುತ್ತದೆ ಎಂದು ಮೊದಲೇ ಬರೆದಿದ್ದರೆ ಆಮೇಲೆ ಮಾತು ಬೆಳೆಯುವುದಿಲ್ಲ. ರಂಝಾನ್ ತಿಂಗಳು ಹತ್ತಿರದಲ್ಲಿದ್ದರೆ ಬದಲಿ ದಿನವೂ ಅದಕ್ಕೆ ಮೊದಲೇ ಬರುವಂತೆ ನೋಡಿಕೊಳ್ಳಿ.

ಬರೆಯಬಾರದ ಎರಡು ಮಾತುಗಳು

ಝಕಾತ್ ಎಂಬ ಪದ ಈ ಪತ್ರದಲ್ಲಿ ಬರಬಾರದು. "ಝಕಾತ್ ಅಥವಾ ಸದಕಾ ರೂಪದಲ್ಲಾದರೂ ನೀಡಿ" ಎಂದು ಬರೆದ ಪತ್ರವನ್ನು ನಾನು ಕಂಡಿದ್ದೇನೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನಿನ 9ನೆಯ ಅಧ್ಯಾಯದ 60ನೆಯ ಸೂಕ್ತ ಎಂಟು ವರ್ಗಗಳನ್ನು ಹೇಳುತ್ತದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಸಿಕ್ಕಿದವರು, ದಾರಿಹೋಕರು ಅದರಲ್ಲಿದ್ದಾರೆ. ಕ್ರಿಕೆಟ್ ಟ್ರೋಫಿ ಅದರಲ್ಲಿಲ್ಲ. ಬಡವರ ಪಾಲಿನ ಹಣ ಮೈಕಿನ ಬಾಡಿಗೆಗೆ ಹೋಗಬಾರದು. ಜಾಹೀರಾತಿನ ಹಣವನ್ನು ಜಾಹೀರಾತಿನ ಹಣವೆಂದೇ ಕೇಳಿ. ಹಾಗೆಯೇ ಮುಸ್ಲಿಮರ ಅಂಗಡಿಗೆ ಒಂದು ಪತ್ರ, ಬೇರೆಯವರ ಅಂಗಡಿಗೆ ಇನ್ನೊಂದು ಎಂದು ಮಾಡಬೇಡಿ. ಬಾಗಿಲಲ್ಲಿ ಸಲಾಂ ಹೇಳುತ್ತೀರೋ ನಮಸ್ಕಾರ ಹೇಳುತ್ತೀರೋ ಅದು ಎದುರಿಗಿರುವವರನ್ನು ನೋಡಿ. ಕಾಗದದ ಮೇಲಿನ ಮಾತು ಮತ್ತು ಮೊತ್ತ ಎಲ್ಲರಿಗೂ ಒಂದೇ ಇರಲಿ. ಪೇಟೆಯಲ್ಲಿ ಅಂಗಡಿಯವರು ಒಬ್ಬರ ಪತ್ರವನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ.

ಎರಡನೆಯದು, "ತೆರಿಗೆ ವಿನಾಯಿತಿ ಇದೆ" ಎಂಬ ಮಾತು. ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗಬೇಕಾದರೆ ಪಡೆಯುವ ಸಂಸ್ಥೆ ಅದಕ್ಕಾಗಿ ಇಲಾಖೆಯ ಮಾನ್ಯತೆ ಪಡೆದಿರಬೇಕು. ಊರಿನ ಟೂರ್ನಮೆಂಟ್ ಸಮಿತಿಗೆ ಅದು ಇರುವುದಿಲ್ಲ. ಆದರೆ ಅಂಗಡಿಯವರು ತಮ್ಮ ವ್ಯಾಪಾರದ ಪ್ರಚಾರಕ್ಕೆ ಮಾಡಿದ ಖರ್ಚನ್ನು ಜಾಹೀರಾತಿನ ಖರ್ಚೆಂದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಅದಕ್ಕೆ ಅನುಕೂಲವಾಗುವಂತೆ ನಿಮ್ಮ ರಶೀದಿಯಲ್ಲಿ "ದೇಣಿಗೆ" ಎಂದು ಬರೆಯದೆ "ಟೂರ್ನಮೆಂಟಿನಲ್ಲಿ ಜಾಹೀರಾತು: ಮೈಕ್ ಪ್ರಾಯೋಜಕತ್ವ, 30 ಪ್ರಕಟಣೆ, ಒಂದು ಬ್ಯಾನರ್" ಎಂದು ಬರೆಯಿರಿ. ನಿಜವೂ ಅದೇ.

ಪತ್ರ ಕೊಡುವುದು, ಉತ್ತರ ಪಡೆಯುವುದು

ಪತ್ರವನ್ನು ಟೂರ್ನಮೆಂಟಿಗೆ ನಾಲ್ಕು ವಾರ ಮೊದಲು ಕೊಡಿ. ಹೋಗುವಾಗ ಇಬ್ಬರೇ ಸಾಕು. ಹತ್ತು ಮಂದಿ ಬೈಕಿನಲ್ಲಿ ಬಂದು ಅಂಗಡಿಯ ಮುಂದೆ ನಿಂತರೆ ಅದು ಕೋರಿಕೆಯಾಗಿ ಕಾಣುವುದಿಲ್ಲ. ಶುಕ್ರವಾರ ಮಧ್ಯಾಹ್ನ, ಸಂತೆಯ ದಿನ, ಸಂಜೆ ಗಿರಾಕಿ ತುಂಬಿರುವ ಹೊತ್ತು ಬೇಡ. ಅಂಗಡಿ ತೆರೆದು ಒಂದು ಗಂಟೆಯ ನಂತರದ ಬಿಡುವಿನ ಹೊತ್ತು ಒಳ್ಳೆಯದು. ಪತ್ರ ಕೊಟ್ಟು, ಒಂದು ನಿಮಿಷದಲ್ಲಿ ವಿಷಯ ಹೇಳಿ, ಬರುವ ದಿನ ತಿಳಿಸಿ ಹೊರಡಿ. ಅಲ್ಲೇ ನಿಂತು ಹಣಕ್ಕೆ ಕಾಯಬೇಡಿ. ಯೋಚಿಸಲು ವಾರದ ಸಮಯ ಕೊಟ್ಟರೆ 200ರ ಬದಲು 5,000ದ ಮಾತಾಡಲು ಅವಕಾಶವಾಗುತ್ತದೆ.

ಎರಡನೆಯ ಸಲ ಹೋದಾಗ ಬರುವ ಉತ್ತರ ಹೆಚ್ಚಾಗಿ ಮೂರು ಬಗೆಯದು. "ಆಗಲಿ" ಎಂದರೆ ರಶೀದಿ ಬರೆಯಿರಿ. "ಅಷ್ಟು ಆಗುವುದಿಲ್ಲ ಮಕ್ಕಳೇ, ಎರಡು ಸಾವಿರ ಕೊಡುತ್ತೇನೆ" ಎಂದರೆ ಚೌಕಾಸಿ ಬೇಡ. ಮೈಕಿನ ಪಾಲನ್ನು ಎರಡು ಸಾವಿರಕ್ಕೆ ಕೊಟ್ಟರೆ ಉಳಿದ ಮೂರು ಸಾವಿರಕ್ಕೆ ಬೇರೆ ಅಂಗಡಿಯನ್ನು ಹುಡುಕಿ, ಇಬ್ಬರ ಹೆಸರನ್ನೂ ಹೇಳಬೇಕಾಗುತ್ತದೆ. ಅದಕ್ಕೆ ಇಬ್ಬರೂ ಒಪ್ಪಬೇಕು. ಅದರ ಬದಲು, "ಕಾಕ, ಎರಡು ಸಾವಿರಕ್ಕೆ ನಾಲ್ಕು ಬೌಂಡರಿ ಫಲಕ ಹಾಕುತ್ತೇವೆ, ಮೈಕಿಗೆ ಬೇರೆಯವರನ್ನು ಕೇಳುತ್ತೇವೆ, ಆಗಬಹುದಾ?" ಎಂದು ಕೇಳಿ. ಫಲಕಗಳ ಬೆಲೆ ಎಲ್ಲರಿಗೂ ಒಂದೇ ಉಳಿಯುತ್ತದೆ. "ಈ ವರ್ಷ ಬೇಡ" ಎಂದರೆ ಧನ್ಯವಾದ ಹೇಳಿ, ಆಟ ನೋಡಲು ಬರುವಂತೆ ಕರೆದು ಹೊರಡಿ. ಪಟ್ಟಿಯಲ್ಲಿ ಪ್ರತಿ ಪಾಲಿಗೂ ಇನ್ನೊಂದು ಅಂಗಡಿಯ ಹೆಸರು ಮೊದಲೇ ಇರಬೇಕು ಎಂಬುದು ಇದಕ್ಕಾಗಿ.

ಹೆಚ್ಚು ಕೆಡುವುದು ಹಣ ಪಡೆಯುವ ಜಾಗದಲ್ಲಿ. ಸಮಿತಿಯ ಒಬ್ಬ ಬೆಳಿಗ್ಗೆ ಹೋಗಿ ಹಣ ಪಡೆದಿರುತ್ತಾನೆ, ಗೊತ್ತಿಲ್ಲದೆ ಇನ್ನೊಬ್ಬ ಸಂಜೆ ಅದೇ ಅಂಗಡಿಗೆ ಹೋಗುತ್ತಾನೆ. ಒಬ್ಬನ ಮೊಬೈಲಿಗೆ ಯುಪಿಐ ಮೂಲಕ ಬಂದ ಹಣ ಅವನ ಸ್ವಂತ ಹಣದ ಜೊತೆ ಬೆರೆತು, ತಿಂಗಳ ಕೊನೆಗೆ ಎಷ್ಟು ಯಾರದ್ದು ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಹಣ ಪಡೆಯುವವರು ಖಜಾಂಚಿ ಒಬ್ಬರೇ ಎಂದು ಪತ್ರದಲ್ಲಿಯೇ ಬರೆದಿದ್ದೇವೆ. ನಿಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ, ಆದ್ದರಿಂದ ಖಜಾಂಚಿಯಾಗಿ ಊರಿನ ಹಿರಿಯರೊಬ್ಬರನ್ನು ಇಟ್ಟುಕೊಳ್ಳಿ. ರಶೀದಿ ಪುಸ್ತಕ ಒಂದೇ ಇರಲಿ, ಹಾಳೆಗಳಿಗೆ ಕ್ರಮಸಂಖ್ಯೆ ಇರಲಿ, ಅಂಗಡಿಗೆ ಕೊಟ್ಟದ್ದರ ಪ್ರತಿ ಪುಸ್ತಕದಲ್ಲಿ ಉಳಿಯಲಿ. ಯುಪಿಐ ಮೂಲಕ ಬಂದರೂ ರಶೀದಿ ಹರಿದುಕೊಡಿ. ಕೊನೆಯಲ್ಲಿ ರಶೀದಿಗಳ ಮೊತ್ತ ಮತ್ತು ಕೈಯಲ್ಲಿರುವ ಹಣ, ಖರ್ಚಿನ ಬಿಲ್ಲುಗಳು ಸರಿಹೊಂದಬೇಕು. ಹೊಂದದಿದ್ದರೆ ಯಾವ ಸಂಖ್ಯೆಯ ಹಾಳೆಯಲ್ಲಿ ಕೊಂಡಿ ಕಳಚಿದೆ ಎಂದು ಹುಡುಕಬಹುದು.

ಆಟ ಮುಗಿದ ಮೇಲಿನ ಪತ್ರ

ಟೂರ್ನಮೆಂಟ್ ಮುಗಿದ ಮೇಲೆ ಬರೆಯುವ ಎರಡನೆಯ ಪತ್ರವನ್ನು ಹೆಚ್ಚಿನ ಸಮಿತಿಗಳು ಬರೆಯುವುದೇ ಇಲ್ಲ. ಒಂದು ಪುಟ ಸಾಕು. ಮೇಲೆ ಧನ್ಯವಾದದ ಎರಡು ಸಾಲು, ಕೆಳಗೆ ಜಮಾ ಮತ್ತು ಖರ್ಚು, ಜೊತೆಗೆ ಅಂಗಡಿಯ ಬ್ಯಾನರ್ ಕಾಣುವ ಒಂದು ಫೋಟೊ. ಹಣ ಉಳಿದಿದ್ದರೆ ಎಷ್ಟು ಉಳಿಯಿತು, ಅದನ್ನು ಏನು ಮಾಡಲು ಸಮಿತಿ ತೀರ್ಮಾನಿಸಿದೆ ಎಂದು ಬರೆಯಿರಿ. ಕಡಿಮೆ ಬಿದ್ದಿದ್ದರೆ ಯಾರು ಹಾಕಿದರು ಎಂದು ಬರೆಯಿರಿ. ಅಣ್ಣನ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಂಥ ಒಂದು ಜಮಾಖರ್ಚಿನ ಹಾಳೆ ಇದೆ. ಮರುವರ್ಷ ಆ ಊರಿನ ಹುಡುಗರು ಬಂದಾಗ ಅವನು ಪತ್ರವನ್ನು ಓದಲಿಲ್ಲ, "ಈ ಸಲ ಯಾವ ಪಾಲು ಉಳಿದಿದೆ?" ಎಂದಷ್ಟೇ ಕೇಳಿದ.

ಪತ್ರಲೇಖನದ ಪಾಠಕ್ಕೂ ಇದರಿಂದ ಉಪಯೋಗವಿದೆ. ಇಂದ, ಗೆ, ದಿನಾಂಕ, ವಿಷಯ, ಒಡಲು, ಮುಕ್ತಾಯ ಎಂಬ ವ್ಯಾವಹಾರಿಕ ಪತ್ರದ ಅಂಗಗಳೆಲ್ಲ ಮೇಲಿನ ಮಾದರಿಯಲ್ಲಿವೆ. ಒಡಲಿನಲ್ಲಿ ಮೊದಲು ಕಾರ್ಯಕ್ರಮದ ವಿವರ, ಆಮೇಲೆ ಕೋರಿಕೆ, ಅದಕ್ಕೆ ಪ್ರತಿಯಾಗಿ ಕೊಡುವುದು, ಕೊನೆಗೆ ಹೊಣೆಗಾರಿಕೆ ಎಂಬ ಕ್ರಮ ಇದೆ.

ಅಭ್ಯಾಸ

1. ಮೇಲಿನ ಟೂರ್ನಮೆಂಟಿನಲ್ಲಿ 16ರ ಬದಲು 12 ತಂಡಗಳು ಮಾತ್ರ ಬಂದವು ಎಂದುಕೊಳ್ಳಿ. ಪಂದ್ಯಗಳೆಷ್ಟು? ಬೇಕಾದ ಬಾಲುಗಳೆಷ್ಟು? ಪ್ರವೇಶ ಶುಲ್ಕ ಎಷ್ಟು ಕಡಿಮೆಯಾಗುತ್ತದೆ? ಎಲೆಕ್ಟ್ರಿಕಲ್ ಅಂಗಡಿಗೆ ಕೊಟ್ಟ 30 ಪ್ರಕಟಣೆಗಳ ಭರವಸೆಯನ್ನು ಹೇಗೆ ಪಾಲಿಸುತ್ತೀರಿ?

2. ಸೂಪರ್ ಮಾರ್ಕೆಟಿಗೆ 6,000 ರೂಪಾಯಿಯ ಟ್ರೋಫಿ ಪಾಲಿಗಾಗಿ ಪತ್ರ ಬರೆಯಿರಿ. ಕೊಡುವ ಭರವಸೆಗಳಲ್ಲಿ ಪ್ರತಿಯೊಂದನ್ನೂ ಎಣಿಸುವಂತಿರಲಿ.

3. ಚಹಾ ಅಂಗಡಿಯವರಿಗೆ 500ರ ಫಲಕಕ್ಕಾಗಿ ಎಂಟು ಸಾಲು ಮೀರದ ಪತ್ರ ಬರೆಯಿರಿ. ಎಷ್ಟು, ಯಾವುದಕ್ಕೆ, ಪ್ರತಿಯಾಗಿ ಏನು, ಲೆಕ್ಕ ಯಾವಾಗ ಎಂಬ ನಾಲ್ಕೂ ಅದರಲ್ಲಿ ಇರಬೇಕು.

ಬರೆದುದನ್ನು ತರಗತಿಯಲ್ಲಿ ನನಗೆ ಕೊಡಿ. ನಾನು ನೋಡುವ ಮೊದಲು ನಿಮ್ಮ ಪರಿಚಯದ ಒಬ್ಬ ಅಂಗಡಿಯವರಿಗೆ ಓದಿಸಿ, ಅವರು ಕೇಳಿದ ಮೊದಲ ಪ್ರಶ್ನೆಯನ್ನು ಹಾಳೆಯ ಹಿಂಬದಿಯಲ್ಲಿ ಬರೆದು ತನ್ನಿ. ಅದಕ್ಕೆ ಉತ್ತರ ಪತ್ರದಲ್ಲಿ ಇಲ್ಲದಿದ್ದರೆ ಮೊದಲು ತಿದ್ದಬೇಕಾದುದು ಅದೇ.